ಗೋಡೆ 7 ಮಿ.ಮೀ., ಉಳಿಕೆ 170 ಮಿ.ಲೀ.: ಅಳೆದಾಗ ಮೂತ್ರಕೋಶ ಎಷ್ಟು ತುಂಬಿತ್ತು?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಒಂದು ವರ್ಷದಿಂದ ಮೂತ್ರದ ಧಾರೆ ತೀರಾ ಸಣ್ಣಗಾಗಿದೆ, ಶುರುವಾಗೋಕೇ ಹೊತ್ತು ಹಿಡಿಯುತ್ತೆ. ರಾತ್ರಿ ಮೂರು ಸಲ ಏಳುತ್ತಾರೆ. ಸ್ಕ್ಯಾನ್ ಮಾಡಿಸಿದೆವು. ಮುಂಚೆ ಒಂದೂವರೆ ಲೀಟರ್ ನೀರು ಕುಡಿಸಿ ಕೂರಿಸಿದ್ದರು, ತಡೆಯೋಕಾಗದೆ ಒದ್ದಾಡಿಬಿಟ್ಟರು. ಮೂತ್ರ ಮಾಡಿ ಬಂದ ಮೇಲೂ ಇನ್ನೊಬ್ಬರ ಸ್ಕ್ಯಾನ್ ಮುಗಿಯಲಿ ಅಂತ ಇಪ್ಪತ್ತು ನಿಮಿಷ ಕಾಯಿಸಿದರು. ಮೂತ್ರ ಮಾಡುವ ಮುಂಚೆ 610 ಮಿ.ಲೀ., ಮಾಡಿದ ಮೇಲೆ ಉಳಿದದ್ದು 170 ಮಿ.ಲೀ., ಮೂತ್ರಕೋಶದ ಗೋಡೆ 7 ಮಿ.ಮೀ. ದಪ್ಪ, ಪ್ರಾಸ್ಟೇಟ್ 44 ಸಿಸಿ, ಸಿಸ್ಟೈಟಿಸ್ ಇರಬಹುದು ಅಂತ ರಿಪೋರ್ಟ್‌ನಲ್ಲಿದೆ. ಕಿಡ್ನಿ ಸರಿ ಇದೆಯಂತೆ. ಗೋಡೆ ದಪ್ಪ ಅಂದ್ರೆ ಕ್ಯಾನ್ಸರ್ರಾ? 170 ಉಳಿದರೆ ಆಪರೇಷನ್ ಆಗಲೇಬೇಕಾ?

ಉತ್ತರ: ಈ ಎರಡು ಅಂಕಿ ಇಟ್ಟುಕೊಂಡು ಕ್ಯಾನ್ಸರ್ ಅಂತಲೂ ಹೇಳಲಾಗದು, ಆಪರೇಷನ್ ಅಂತಲೂ ಹೇಳಲಾಗದು. ಅಷ್ಟೇ ಅಲ್ಲ, ಅವೆರಡನ್ನೂ ನಾನು ಇನ್ನೂ ಪೂರ್ತಿ ನಂಬುತ್ತಿಲ್ಲ. ದಿನವಿಡೀ ಸ್ಕ್ಯಾನ್ ಮಾಡುವುದೇ ನನ್ನ ಕೆಲಸ. ಆದ್ದರಿಂದ ರಿಪೋರ್ಟ್‌ಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನೀವು ಬರೆದ ಎರಡು ಸಂಗತಿ: ಒಂದೂವರೆ ಲೀಟರ್ ನೀರು, ಮತ್ತು ಇಪ್ಪತ್ತು ನಿಮಿಷದ ಕಾಯುವಿಕೆ.

ಆ ಇಪ್ಪತ್ತು ನಿಮಿಷವನ್ನೇ ಮೊದಲು ನೋಡೋಣ. ಮಾಮೂಲಿ ದಿನದಲ್ಲಿ ನಮ್ಮ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ 1ರಿಂದ 2 ಮಿ.ಲೀ. ಮೂತ್ರ ಮಾಡುತ್ತವೆ. ಒಂದೇ ಸಲಕ್ಕೆ ಲೀಟರುಗಟ್ಟಲೆ ನೀರು ಕುಡಿದರೆ ಆ ವೇಗ ಎಷ್ಟೋ ಪಟ್ಟು ಏರುತ್ತದೆ, ನಿಮಿಷಕ್ಕೆ 10 ಮಿ.ಲೀ. ಮುಟ್ಟುವುದೂ ಉಂಟು. ನಿಮ್ಮ ತಂದೆಯವರದ್ದು ಅದರ ಅರ್ಧ, ಅಂದರೆ ನಿಮಿಷಕ್ಕೆ 5 ಎಂದು ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷಕ್ಕೆ 100 ಮಿ.ಲೀ. ಆಯಿತು. ಅಂದರೆ ರಿಪೋರ್ಟ್‌ನಲ್ಲಿರುವ 170ರಲ್ಲಿ 100 ಮಿ.ಲೀ. ಉಳಿದ ಮೂತ್ರವೇ ಅಲ್ಲ, ಆಮೇಲೆ ಹೊಸದಾಗಿ ಬಂದು ಸೇರಿದ್ದು. ನಿಜವಾಗಿ ಉಳಿದದ್ದು 70 ಇರಬಹುದು. ಇದು ಅಂದಾಜು ಲೆಕ್ಕ, ಅವರ ಕಿಡ್ನಿ ಆ ದಿನ ಎಷ್ಟು ವೇಗದಲ್ಲಿತ್ತು ಎಂದು ಯಾರೂ ಅಳೆದಿಲ್ಲ. ಆದರೆ 70ಕ್ಕೂ 170ಕ್ಕೂ ವ್ಯತ್ಯಾಸ ಸಣ್ಣದಲ್ಲ. 71ರ ವಯಸ್ಸಿನಲ್ಲಿ 70 ಉಳಿಯುವುದು ತೀರಾ ಸಾಮಾನ್ಯ. 170 ಎಂದರೆ ಒಮ್ಮೆ ತಿರುಗಿ ನೋಡಬೇಕಾದ ಅಂಕಿ.

ಅದಕ್ಕೇ ಮೂತ್ರ ಮಾಡಿ ಬಂದವರನ್ನು ಐದು ನಿಮಿಷದೊಳಗೆ, ತಪ್ಪಿದರೆ ಹತ್ತು ನಿಮಿಷದೊಳಗೆ ನೋಡಿಬಿಡಬೇಕು ಅನ್ನುವುದು. ನಮ್ಮಲ್ಲಿ ಸಾಲು ಉದ್ದವಿದ್ದಾಗ ಇದು ತಪ್ಪುತ್ತದೆ. ಒಪ್ಪಿಕೊಳ್ಳುತ್ತೇನೆ.

ಎರಡನೆಯದು ಆ 610. ಮೂತ್ರಕೋಶ ಒಂದು ಮಾಂಸಖಂಡದ ಚೀಲ. 300-400 ಮಿ.ಲೀ. ತುಂಬಿದಾಗ ಅದು ಚೆನ್ನಾಗಿ ಹಿಂಡುತ್ತದೆ. ಅದಕ್ಕಿಂತ ತೀರಾ ಜಾಸ್ತಿ ಹಿಗ್ಗಿಸಿದರೆ ಹಿಡಿತ ಸಡಿಲವಾಗುತ್ತದೆ, ಪೂರ್ತಿ ಖಾಲಿ ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಮನೆಯಲ್ಲಿ ಅವರು ಯಾವತ್ತೂ 610ರ ತನಕ ಕಾದು ಕೂತಿರುವುದಿಲ್ಲ. ಜೊತೆಗೆ ಗೊತ್ತಿಲ್ಲದ ಶೌಚಾಲಯ, ಹೊರಗೆ ಬಾಗಿಲು ತಟ್ಟುವವರು. ಪ್ರಾಸ್ಟೇಟ್ ತೊಂದರೆ ಇರುವ ಗಂಡಸಿಗೆ ಮೂತ್ರ ಶುರುವಾಗೋಕೇ ಒಂದು ನಿಮಿಷ ಬೇಕು. ಅವಸರದಲ್ಲಿ ಅರ್ಧಕ್ಕೇ ಬಂದುಬಿಡುತ್ತಾರೆ. ಹೀಗೆ ಬಂದವರನ್ನು "ಇನ್ನೊಮ್ಮೆ ಹೋಗಿ ಬನ್ನಿ, ನಿಧಾನವಾಗಿ" ಎಂದು ಕಳಿಸಿದರೆ ಅಂಕಿ ಅರ್ಧಕ್ಕೆ ಇಳಿದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಬ್ಬರೇ ಮನುಷ್ಯ, ಒಂದೇ ದಿನ, ಬೆಳಿಗ್ಗೆ 180, ಮಧ್ಯಾಹ್ನ 60. ಎರಡೂ ಸರಿಯಾಗಿ ಅಳೆದದ್ದೇ.

ಇನ್ನು ಅಳತೆಯ ವಿಷಯ. ಸ್ಕ್ಯಾನ್ ಯಂತ್ರ ಮೂತ್ರವನ್ನು ಪಾತ್ರೆಗೆ ಸುರಿದು ಅಳೆಯುವುದಿಲ್ಲ ಅಲ್ವಾ? ನಾವು ಪರದೆಯ ಮೇಲೆ ಮೂರು ಗೆರೆ ಎಳೆಯುತ್ತೇವೆ: ಉದ್ದ, ಅಗಲ, ಎತ್ತರ. ಮೂರನ್ನೂ ಗುಣಿಸಿ 0.52ರಿಂದ ಗುಣಿಸಿದರೆ ಮಿ.ಲೀ. ಬರುತ್ತದೆ. ಚೀಲ ಮೊಟ್ಟೆಯಾಕಾರದಲ್ಲಿದೆ ಎಂಬ ಊಹೆಯ ಮೇಲೆ ನಿಂತ ಲೆಕ್ಕ ಇದು. 6.2, 5.8, 5.0 ಸೆಂ.ಮೀ. ಎಂದಿಟ್ಟುಕೊಳ್ಳಿ, ಉತ್ತರ ಸುಮಾರು 93 ಮಿ.ಲೀ. ಅದೇ ಚಿತ್ರದಲ್ಲಿ ಇನ್ನೊಬ್ಬರು ಪ್ರತಿ ಗೆರೆಯನ್ನೂ ಬರೀ ಅರ್ಧ ಸೆಂ.ಮೀ. ಉದ್ದ ಎಳೆದರೆ 121 ಬರುತ್ತದೆ. ಅರ್ಧ ಸೆಂ.ಮೀ. ಎಂದರೆ ಗೋಡೆಯ ಒಳಗಂಚಿಗೂ ಹೊರಗಂಚಿಗೂ ಇರುವಷ್ಟೇ ದೂರ. ಅದರ ಮೇಲೆ, ಅರ್ಧ ಖಾಲಿಯಾದ ಮೂತ್ರಕೋಶ ಮೊಟ್ಟೆಯ ಹಾಗೆ ಇರುವುದೂ ಇಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಪ್ರಾಸ್ಟೇಟ್ ಒಳಗೆ ನುಗ್ಗಿಕೊಂಡಿರುತ್ತದೆ. ಆದ್ದರಿಂದ ರಿಪೋರ್ಟ್‌ನ ಯಾವ ಉಳಿಕೆ ಅಂಕಿಗೂ ಇಪ್ಪತ್ತು-ಮೂವತ್ತು ಮಿ.ಲೀ. ಆಚೀಚೆ ಸುಮ್ನೆ ಬಿಟ್ಟುಕೊಡಬೇಕು.

ಇಷ್ಟೆಲ್ಲ ಹೇಳಿದ್ದು 170 ಅನ್ನು ಕಸದ ಬುಟ್ಟಿಗೆ ಹಾಕಿ ಅಂತಲ್ಲ. ಅವರಿಗೆ ತೊಂದರೆ ಇದೆ, ವರ್ಷದಿಂದ ಇದೆ. ಅಂಕಿಯನ್ನು ಸರಿಯಾದ ರೀತಿಯಲ್ಲಿ ಇನ್ನೊಮ್ಮೆ ಅಳೆದು ನೋಡಬೇಕು, ಅಷ್ಟೆ. ಹೇಗೆ ಅಂತ ಆಮೇಲೆ ಬರೆಯುತ್ತೇನೆ.

ಈಗ ಗೋಡೆಗೆ ಬರೋಣ. ನಿಮ್ಮನ್ನು ಹೆಚ್ಚು ಹೆದರಿಸಿದ್ದು ಅದೇ ಅನ್ನಿಸುತ್ತದೆ.

ಮೂತ್ರಕೋಶದ ಗೋಡೆಗೆ ಒಂದೇ ದಪ್ಪ ಅಂತ ಇಲ್ಲ. ಗೋಡೆಯಲ್ಲಿರುವ ಮಾಂಸ ಅಷ್ಟೇ, ಚೀಲ ಹಿಗ್ಗಿದಾಗ ಅದೇ ಮಾಂಸ ದೊಡ್ಡ ಜಾಗಕ್ಕೆ ಹರಡಿಕೊಳ್ಳುತ್ತದೆ. ಒಂದು ದುಂಡನೆಯ ಚೀಲ 40 ಮಿ.ಲೀ.ನಿಂದ 320 ಮಿ.ಲೀ.ಗೆ ಹಿಗ್ಗಿತು ಅನ್ನಿ. ಒಳಗಿನ ನೀರು 8 ಪಟ್ಟಾಯಿತು, ಆದರೆ ಹೊರಮೈ 4 ಪಟ್ಟಾಗುತ್ತದೆ. ಮಾಂಸ ಅಷ್ಟೇ ಇರುವುದರಿಂದ ದಪ್ಪ ಕಾಲು ಭಾಗಕ್ಕೆ ಇಳಿಯಬೇಕು. ಅಂದರೆ 40 ಮಿ.ಲೀ. ಇದ್ದಾಗ 8 ಮಿ.ಮೀ. ಕಂಡ ಗೋಡೆ, 320 ತುಂಬಿದಾಗ 2 ಮಿ.ಮೀ. ನಿಜವಾದ ಮೂತ್ರಕೋಶ ಗಣಿತದಷ್ಟು ಶಿಸ್ತಿನದ್ದಲ್ಲ. ಮೊದಮೊದಲು ಬೇಗ ತೆಳುವಾಗುತ್ತದೆ, ಸುಮಾರು 250 ದಾಟಿದ ಮೇಲೆ ಹೆಚ್ಚು ಬದಲಾಗುವುದಿಲ್ಲ. ಆದರೆ ವಿಷಯ ಅರ್ಥವಾಯಿತಲ್ಲ. ಎಷ್ಟು ತುಂಬಿದಾಗ ಅಳೆದದ್ದು ಎಂದು ಬರೆಯದೆ ಗೋಡೆಯ ದಪ್ಪ ಮಾತ್ರ ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೊಟ್ಟೆನೋವಿಗೆಂದು ಬಂದಿದ್ದ ವಯಸ್ಸಾದ ಒಬ್ಬರಿಗೆ "ಮೂತ್ರಕೋಶದ ಗೋಡೆ 8 ಮಿ.ಮೀ., ದಪ್ಪವಾಗಿದೆ" ಎಂದು ಬರೆದೆ. ಅವರು ಸ್ಕ್ಯಾನ್‌ಗೆ ಹತ್ತು ನಿಮಿಷ ಮುಂಚೆ ಮೂತ್ರಕ್ಕೆ ಹೋಗಿ ಬಂದಿದ್ದರು. ಚೀಲ ಮುದುಡಿಕೊಂಡು ಕೂತಿತ್ತು. ಎರಡು ವಾರ ನಿದ್ದೆಗೆಟ್ಟು ತಿರುಗಿ ಬಂದರು. ತುಂಬಿದ ಚೀಲದಲ್ಲಿ ನೋಡಿದರೆ ಗೋಡೆ 3 ಮಿ.ಮೀ. ಕೂಡ ಇರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ನಾವು ಇಟ್ಟುಕೊಳ್ಳುವ ಸಾಮಾನ್ಯ ಮಿತಿ ಹೀಗೆ: ಚೆನ್ನಾಗಿ ತುಂಬಿದ ಮೂತ್ರಕೋಶದಲ್ಲಿ ಗೋಡೆ 3 ಮಿ.ಮೀ. ಒಳಗಿರಬೇಕು, ಹೆಚ್ಚುಕಮ್ಮಿ ಖಾಲಿಯಾದಾಗ 5ರ ತನಕ ಇರಬಹುದು. ಇನ್ನೂ ನಿಖರವಾಗಿ ಅಳೆಯುವವರು ಗೋಡೆಯ ಮಧ್ಯದ ಮಾಂಸದ ಪದರವನ್ನು ಮಾತ್ರ ಅಳೆಯುತ್ತಾರೆ. ಹೆಚ್ಚು ಸೂಕ್ಷ್ಮವಾಗಿ ತೋರಿಸುವ ಪ್ರೋಬ್ ಇಟ್ಟು ಮುಂಗೋಡೆಯನ್ನು ದೊಡ್ಡದು ಮಾಡಿದರೆ ಅದು ಕಾಣುತ್ತದೆ: ಒಂದು ಬಿಳಿ ಗೆರೆ, ನಡುವೆ ಕಪ್ಪು ಪಟ್ಟಿ, ಮತ್ತೆ ಒಂದು ಬಿಳಿ ಗೆರೆ. ಆ ಕಪ್ಪು ಪಟ್ಟಿಯೇ ಹಿಂಡುವ ಮಾಂಸ. 250 ಮಿ.ಲೀ. ಅಥವಾ ಅದಕ್ಕಿಂತ ಜಾಸ್ತಿ ತುಂಬಿದಾಗ ಆ ಪಟ್ಟಿ 2 ಮಿ.ಮೀ. ಮುಟ್ಟಿದರೆ, ಧಾರೆ ಸಣ್ಣಗಾದ ಗಂಡಸಿನಲ್ಲಿ ಕೆಳಗೆ ದಾರಿ ಕಿರಿದಾಗಿರುವ ಸಾಧ್ಯತೆ ಬಲವಾಗಿಯೇ ಇರುತ್ತದೆ. ನಿಮ್ಮ ರಿಪೋರ್ಟ್‌ನ 7 ಎಂಬುದು ಇಡೀ ಗೋಡೆಯದ್ದು, ಈ ಪಟ್ಟಿಯದ್ದಲ್ಲ. 2 ಎಲ್ಲಿ, 7 ಎಲ್ಲಿ ಎಂದು ಹೋಲಿಸಿ ಗಾಬರಿಯಾಗಬೇಡಿ. ಎರಡೂ ಬೇರೆ ಬೇರೆ ಅಳತೆ.

ಈಗ ಒಂದು ಕೆಲಸ ಮಾಡಿ. ಸ್ಕ್ಯಾನ್ ಜೊತೆ ಕೊಟ್ಟ ಚಿತ್ರಗಳನ್ನು ತೆಗೆದು ನೋಡಿ. ಗೋಡೆಯ ಮೇಲೆ ಎರಡು ಸಣ್ಣ ಗುರುತು, ಅವುಗಳ ನಡುವೆ ಚುಕ್ಕಿಗೆರೆ ಇರುವ ಚಿತ್ರ ಒಂದಿರುತ್ತದೆ. ಅದರಲ್ಲಿ ಮೂತ್ರ ಕಪ್ಪಗೆ ಕಾಣುತ್ತದೆ. ಆ ಕಪ್ಪು ಭಾಗ ದೊಡ್ಡದಾಗಿ, ಚಿತ್ರವನ್ನೆಲ್ಲ ತುಂಬಿಕೊಂಡಿದೆಯೋ, ಇಲ್ಲಾ ಸಣ್ಣಗೆ ಮುದುಡಿದೆಯೋ? ಮೊದಲನೆಯದಾದರೆ 610 ತುಂಬಿದ್ದಾಗ ಅಳೆದದ್ದು. ಆಗ 7 ಮಿ.ಮೀ. ನಿಜಕ್ಕೂ ದಪ್ಪ, ಅದರಲ್ಲಿ ವಾದವಿಲ್ಲ. ಎರಡನೆಯದಾದರೆ 170 ಇದ್ದಾಗ ಅಳೆದದ್ದು. ಆಗಲೂ 7 ಸ್ವಲ್ಪ ಜಾಸ್ತಿಯೇ, ಆದರೆ ಅದರ ತೂಕ ಬಹಳ ಕಡಿಮೆ.

ಗುರುತು ಎಲ್ಲಿ ಇಟ್ಟಿದ್ದಾರೆ ಎನ್ನುವುದೂ ಮುಖ್ಯ. ಪ್ರೋಬ್‌ಗೆ ಹತ್ತಿರವಿರುವ ಮುಂಗೋಡೆಯ ಮೇಲೆ ಶಬ್ದ ಅಲೆಗಳು ಹಿಂದೆ ಮುಂದೆ ಪುಟಿದು ಮಂಜು ಕವಿದ ಹಾಗೆ ಕಾಣುತ್ತದೆ. ಆ ಮಂಜನ್ನೂ ಗೋಡೆ ಎಂದು ಅಳೆದರೆ ಎರಡು ಮಿ.ಮೀ. ಪುಕ್ಕಟೆಯಾಗಿ ಸೇರುತ್ತದೆ. ಕೆಳಗಡೆ ಪ್ರಾಸ್ಟೇಟ್ ಅಂಟಿಕೊಂಡಿರುವ ಜಾಗದಲ್ಲಿ ಅಳೆದರೂ ಹಾಗೇ. ಗೆರೆ ಓರೆಯಾಗಿ ಹೋಗಿದ್ದರೂ ಹಾಗೇ, ಇಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಅಳೆದರೆ ಅಗಲ ಜಾಸ್ತಿ ಬರುವುದಿಲ್ಲವೇ.

ಹಾಗಾದರೆ ದಪ್ಪ ನಿಜವೇ ಎಂದುಕೊಳ್ಳೋಣ. ಏಕೆ ದಪ್ಪವಾಯಿತು? ಈ ವಯಸ್ಸಿನ ಗಂಡಸಿನಲ್ಲಿ, ಸಣ್ಣ ಧಾರೆ, ಶುರುವಾಗಲು ತಡ ಎಂಬ ದೂರಿನ ಜೊತೆ, ಮೊದಲ ಅನುಮಾನ ಪ್ರಾಸ್ಟೇಟ್ ಮೇಲೆಯೇ. ಮೂತ್ರ ಹೊರಗೆ ಬರುವ ಕೊಳವೆ ಪ್ರಾಸ್ಟೇಟ್‌ನ ನಡುವೆ ಹಾದು ಬರುತ್ತದೆ. ಅದು ಬೆಳೆದು ದಾರಿ ಕಿರಿದಾದಾಗ ಮೂತ್ರಕೋಶ ಪ್ರತಿ ಸಲವೂ ಜಾಸ್ತಿ ಒತ್ತಡ ಹಾಕಿ ಹಿಂಡಬೇಕು. ವರ್ಷಗಟ್ಟಲೆ ಮೂಟೆ ಹೊತ್ತವರ ತೋಳಿನ ಹಾಗೆ ಅದರ ಮಾಂಸ ಬೆಳೆಯುತ್ತದೆ. ಇನ್ನೂ ಮುಂದೆ ಹೋದರೆ ಮಾಂಸದ ನಡುವೆ ನಾರು ಸೇರಿಕೊಳ್ಳುತ್ತದೆ, ಒಳಮೈ ಹಗ್ಗ ಹೆಣೆದ ಹಾಗೆ ಏರುಪೇರಾಗುತ್ತದೆ, ಹಗ್ಗಗಳ ನಡುವಿನ ಸಂದಿನಿಂದ ಸಣ್ಣ ಸಣ್ಣ ಚೀಲಗಳು ಹೊರಗೆ ಉಬ್ಬುತ್ತವೆ. ನಿಮ್ಮ ರಿಪೋರ್ಟ್‌ನಲ್ಲಿ ಅವುಗಳ ಸುದ್ದಿ ಇಲ್ಲ. ಒಳ್ಳೆಯದೇ.

ಸಿಸ್ಟೈಟಿಸ್, ಅಂದರೆ ಮೂತ್ರಕೋಶದ ಉರಿಯೂತ, ಎಂಬ ಮಾತಿನ ಬಗ್ಗೆ ಒಂದಿಷ್ಟು. ಗೋಡೆ ದಪ್ಪ ಕಂಡ ಕೂಡಲೇ ಕೈ ತಾನಾಗಿಯೇ ಬರೆದುಬಿಡುವ ಪದ ಅದು. ಸ್ಕ್ಯಾನ್ ನೋಡಿ ಸೋಂಕು ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಉರಿ, ಜ್ವರ, ಮೂತ್ರ ಕಲಕಿದ ಹಾಗೆ ಇರುವುದು, ಇವು ಇವೆಯೇ? ಮೂತ್ರ ಪರೀಕ್ಷೆ ಏನು ಹೇಳುತ್ತದೆ? ಅದು ಸರಿ ಇದ್ದರೆ ಬರೀ ಆ ಪದಕ್ಕಾಗಿ ಆಂಟಿಬಯಾಟಿಕ್ ನುಂಗಬೇಕಿಲ್ಲ.

ಕ್ಯಾನ್ಸರ್ ವಿಷಯ. ಗೋಡೆ ಸುತ್ತಲೂ ಒಂದೇ ಸಮ ದಪ್ಪವಾಗಿದ್ದರೆ ಅದು ಸಾಮಾನ್ಯವಾಗಿ ದುಡಿಮೆಯ ದಪ್ಪ. ಗಡ್ಡೆ ಹಾಗಲ್ಲ, ಒಂದು ಕಡೆ ಮಾತ್ರ ಒಳಗೆ ಚಾಚಿಕೊಂಡಿರುತ್ತದೆ, ಮಲಗಿದವರು ಮಗ್ಗುಲು ಬದಲಿಸಿದರೂ ಜಾಗ ಬಿಡುವುದಿಲ್ಲ. ರಿಪೋರ್ಟ್ ಬರೆದವರು ಒಂದೇ ಕಡೆ ದಪ್ಪ ಎಂದು ಹೇಳಿದ್ದಾರೆಯೇ, ಸುತ್ತಲೂ ಎಂದಿದ್ದಾರೆಯೇ ನೋಡಿ. ಒಂದು ಮಾತು ಮಾತ್ರ ಮರೆಯಬೇಡಿ. ನೋವಿಲ್ಲದೆ ಮೂತ್ರದಲ್ಲಿ ಒಮ್ಮೆಯಾದರೂ ರಕ್ತ ಕಂಡಿದ್ದರೆ, ಸ್ಕ್ಯಾನ್ ಏನೇ ಹೇಳಲಿ, ಕ್ಯಾಮೆರಾ ಹಾಕಿ ಮೂತ್ರಕೋಶದ ಒಳಗೆ ನೋಡಲೇಬೇಕು. ಸಣ್ಣ ಅಥವಾ ಚಪ್ಪಟೆ ಗಡ್ಡೆ ಸ್ಕ್ಯಾನ್‌ನಲ್ಲಿ ತಪ್ಪಿಹೋಗಬಹುದು.

ಈಗ ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಇಡೋಣ. ನನಗೆ ಎಲ್ಲಕ್ಕಿಂತ ಹೆಚ್ಚು ಅರ್ಥ ಸಿಗುವುದು ಇಲ್ಲಿಯೇ. ಮೂತ್ರ ಉಳಿಯುವುದಕ್ಕೆ ಕಾರಣ ಎರಡು: ದಾರಿ ಕಿರಿದಾಗಿರಬಹುದು, ಇಲ್ಲವೇ ಹಿಂಡುವ ಶಕ್ತಿಯೇ ಕುಂದಿರಬಹುದು. ಧಾರೆ ಎರಡರಲ್ಲೂ ಸಣ್ಣಗೇ ಬರುತ್ತದೆ. ಉಳಿಕೆಯ ಅಂಕಿ ಒಂದೇ ಇದ್ದರೆ ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ. ಗೋಡೆ ಅಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಇಬ್ಬರು ಗಂಡಸರನ್ನು ನೆನೆಸಿಕೊಳ್ಳಿ. ಒಬ್ಬರಿಗೆ 200 ಉಳಿಕೆ, ತುಂಬಿದಾಗಲೂ ಗೋಡೆ 6 ಮಿ.ಮೀ. ಅವರ ಮೂತ್ರಕೋಶ ಕಿರಿದಾದ ದಾರಿಯ ಎದುರು ಗುದ್ದಾಡುತ್ತಿದೆ. ಇನ್ನೊಬ್ಬರಿಗೆ 500 ಉಳಿಕೆ, ಗೋಡೆ ಕಾಗದದಷ್ಟು ತೆಳು. ಆ ಮೂತ್ರಕೋಶ ಹೋರಾಟ ಬಿಟ್ಟಿರಬಹುದು, ಅಥವಾ ಹೋರಾಡಿಯೇ ಇಲ್ಲದಿರಬಹುದು.

ಎರಡನೆಯ ತರಹದ ಒಬ್ಬರು ಒಮ್ಮೆ ಬಂದಿದ್ದರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೂತ್ರದ ತೊಂದರೆ ಏನೂ ಇಲ್ಲ ಎನ್ನುತ್ತಿದ್ದರು. ಕಾಲು ಜೋಮು ಹಿಡಿಯುತ್ತದೆ ಎಂಬುದಷ್ಟೇ ದೂರು. ಮೂತ್ರ ಮಾಡಿ ಬಂದ ಮೇಲೆ ನೋಡಿದರೆ ಹೊಕ್ಕುಳಿನ ಹತ್ತಿರದ ತನಕ ಕಪ್ಪು. 480 ಮಿ.ಲೀ. "ಇನ್ನೂ ಹೋಗಬೇಕು ಅನ್ನಿಸುತ್ತಿದೆಯಾ?" ಎಂದು ಕೇಳಿದೆ. ಇಲ್ಲ ಎಂದರು. ಇನ್ನೊಮ್ಮೆ ಕಳಿಸಿದೆ, ತಿಣುಕಿ ಮಾಡಿ ಬಂದರು, 430. ಸಕ್ಕರೆಯಿಂದ ನರಗಳು ಸೋತು, ತುಂಬಿದ್ದೂ ಗೊತ್ತಾಗುತ್ತಿರಲಿಲ್ಲ, ಹಿಂಡುವ ಬಲವೂ ಇರಲಿಲ್ಲ. ಇಂಥವರಿಗೆ ಪ್ರಾಸ್ಟೇಟ್ ಕೆತ್ತಿ ತೆಗೆದರೂ ಧಾರೆ ಸುಧಾರಿಸುವ ಭರವಸೆ ಕಡಿಮೆ. ಆಪರೇಷನ್‌ಗೆ ಮುಂಚೆ ಈ ವ್ಯತ್ಯಾಸ ತಿಳಿಯಬೇಕು ಅನ್ನುವುದು ಇದಕ್ಕೇ. ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದೆಯೋ, ಬೆನ್ನುಹುರಿಯ ತೊಂದರೆ ಇದೆಯೋ ನೀವು ಬರೆದಿಲ್ಲ. ಇದ್ದರೆ ಡಾಕ್ಟರ್‌ಗೆ ಮೊದಲು ಹೇಳಿ.

ಸ್ಕ್ಯಾನ್ ಇಲ್ಲಿ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಮುಂದಿನ ಹೆಜ್ಜೆ ಯೂರೋಫ್ಲೋ, ಅಂದರೆ ಯಂತ್ರಕ್ಕೆ ಜೋಡಿಸಿದ ಪಾತ್ರೆಗೆ ಮೂತ್ರ ಮಾಡುವುದು. ಸೆಕೆಂಡಿಗೆ ಎಷ್ಟು ಮಿ.ಲೀ. ವೇಗದಲ್ಲಿ ಬಂತು ಎಂದು ಅದು ಗೆರೆ ಬರೆಯುತ್ತದೆ. ಕನಿಷ್ಠ 150 ಮಿ.ಲೀ. ಮಾಡಿದರೆ ಮಾತ್ರ ಆ ಗೆರೆಗೆ ಬೆಲೆ. ಅತಿ ಹೆಚ್ಚಿನ ವೇಗ 10ಕ್ಕಿಂತ ಕೆಳಗಿದ್ದರೆ ತಡೆ ಇರುವ ಸಾಧ್ಯತೆ ಹೆಚ್ಚು, ಆದರೆ ಸೋತ ಮೂತ್ರಕೋಶವೂ ಹಾಗೇ ತೋರಿಸಬಹುದು. ಆ ಅನುಮಾನ ಉಳಿದು, ಆಪರೇಷನ್ ಮಾತು ಬಂದಿದ್ದರೆ ಮಾತ್ರ ಸಣ್ಣ ಟ್ಯೂಬ್ ಹಾಕಿ ಒಳಗಿನ ಒತ್ತಡವನ್ನೂ ಹೊರಗಿನ ಧಾರೆಯನ್ನೂ ಒಟ್ಟಿಗೆ ಅಳೆಯುವ ಪರೀಕ್ಷೆ. ಅದು ಎಲ್ಲರಿಗೂ ಬೇಕಿಲ್ಲ.

170 ಉಳಿದರೆ ಆಪರೇಷನ್ ಎಂಬ ನಿಯಮ ಎಲ್ಲೂ ಇಲ್ಲ. 50ರ ಒಳಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 100ರ ತನಕ ಈ ವಯಸ್ಸಿನಲ್ಲಿ ಬೇಕಾದಷ್ಟು ಕಾಣುತ್ತದೆ. 100ರಿಂದ 200 ಬಂದರೆ ಮತ್ತೆ ಅಳೆಯುತ್ತೇವೆ, ಮಾತ್ರೆ ಕೊಟ್ಟು ಕೆಲವು ವಾರದ ಮೇಲೆ ಇನ್ನೊಮ್ಮೆ ನೋಡುತ್ತೇವೆ. ಬೇರೆ ಬೇರೆ ದಿನ ಅಳೆದರೂ 300 ದಾಟಿಯೇ ಇದ್ದರೆ, ತಿಂಗಳುಗಟ್ಟಲೆ ಹಾಗೇ ಇದ್ದರೆ, ಅದನ್ನು ಮೂತ್ರ ಕಟ್ಟಿಕೊಂಡಿರುವ ಸ್ಥಿತಿ ಎಂದೇ ಕರೆಯುತ್ತಾರೆ. ಆಪರೇಷನ್ ಕಡೆಗೆ ತಳ್ಳುವುದು ಬೇರೆ ಸಂಗತಿಗಳು: ಪೂರ್ತಿ ಕಟ್ಟಿಕೊಂಡು ಟ್ಯೂಬ್ ಹಾಕಬೇಕಾಗಿ ಬಂದದ್ದು, ಹಿಂದಕ್ಕೆ ಒತ್ತಡ ಹೋಗಿ ಕಿಡ್ನಿ ಊದಿಕೊಂಡದ್ದು, ಮೂತ್ರಕೋಶದಲ್ಲಿ ಕಲ್ಲು, ಮತ್ತೆ ಮತ್ತೆ ಸೋಂಕು ಇಲ್ಲವೇ ರಕ್ತ, ಮಾತ್ರೆಗೆ ಜಗ್ಗದ ಕಾಟ. ನಿಮ್ಮ ತಂದೆಯ ಕಿಡ್ನಿ ಊದಿಲ್ಲ. ಈ ರಿಪೋರ್ಟ್‌ನಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಸಾಲು ಅದೇ. ಜೊತೆಗೆ ರಕ್ತದಲ್ಲಿ ಕ್ರಿಯಾಟಿನಿನ್ ಒಮ್ಮೆ ನೋಡಿಸಿ.

ಎರಡನೆಯ ಸ್ಕ್ಯಾನ್ ಹೀಗೆ ಮಾಡಿಸಿ. ಮನೆಯಿಂದ ಮಾಮೂಲಿಯಾಗಿ ಹೊರಡಲಿ. ಎರಡು ಲೋಟ ನೀರು ಸಾಕು. ದಿನನಿತ್ಯ ಯಾವಾಗ "ಈಗ ಹೋಗಬೇಕು" ಅನ್ನಿಸುತ್ತದೋ ಆಗ ಸ್ಕ್ಯಾನ್ ಕೋಣೆಗೆ ಹೋಗಬೇಕು, ಒದ್ದಾಡುವ ತನಕ ಕಾಯಬಾರದು. ಗೋಡೆಯನ್ನು ಆ ತುಂಬಿದ ಚೀಲದಲ್ಲೇ ಅಳೆಯಲು ಕೇಳಿ. ಆಮೇಲೆ ಅಳತೆಯ ಗೆರೆ ಇರುವ ಒಂದು ಮಗ್ ಕೊಟ್ಟು ಶೌಚಾಲಯಕ್ಕೆ ಕಳಿಸಿ, ಅವಸರ ಮಾಡಬೇಡಿ. ಎಷ್ಟು ಬಂತು ಎಂದು ಬರೆದುಕೊಳ್ಳಿ. ಬಂದ ಕೂಡಲೇ ಮಲಗಿಸಿ ನೋಡಬೇಕು. ಸಾಲು ಇದ್ದರೆ "ಐದು ನಿಮಿಷದೊಳಗೆ ನೋಡಬಹುದಾ, ಇಲ್ಲಾಂದ್ರೆ ಸರದಿ ಬಂದ ಮೇಲೇ ಮೂತ್ರಕ್ಕೆ ಹೋಗಲಿ" ಎಂದು ಮುಂಚೆಯೇ ಹೇಳಿಡಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಾಗೆ ಮಾಡಿದಾಗ, ಉದಾಹರಣೆಗೆ, ಮುಂಚೆ 340, ಮಗ್‌ನಲ್ಲಿ 260, ಉಳಿಕೆ 80, ಗೋಡೆ 4 ಮಿ.ಮೀ. ಬಂತು ಎನ್ನಿ. 260ಕ್ಕೆ 80 ಕೂಡಿಸಿದರೆ 340, ಲೆಕ್ಕ ಹೊಂದುತ್ತದೆ, ಅಳತೆ ನಂಬಬಹುದು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೊರಗೆ ಹೋಗಿದೆ. ದಾರಿ ಸ್ವಲ್ಪ ಕಿರಿದಾಗಿದೆ, ಮೂತ್ರಕೋಶ ಇನ್ನೂ ನಿಭಾಯಿಸುತ್ತಿದೆ ಎಂದು ನಾನು ಓದುತ್ತೇನೆ. ಅದೇ ಮಗ್‌ನಲ್ಲಿ 120 ಮಾತ್ರ ಬಂದು ಉಳಿಕೆ 220 ಇದ್ದರೆ ಮಾತೇ ಬೇರೆ, ಮೂರನೇ ಒಂದು ಭಾಗ ಮಾತ್ರ ಹೊರಗೆ ಹೋಗಿದೆ. ಇನ್ನು ಲೆಕ್ಕವೇ ಹೊಂದದಿದ್ದರೆ ಅಳತೆ ಎಲ್ಲೋ ತಪ್ಪಿದೆ, ಇನ್ನೊಮ್ಮೆ ಅಳೆಯಬೇಕು. ಮಗ್ ಇಲ್ಲದಿದ್ದರೆ ಈ ತಪ್ಪು ಹಿಡಿಯಲು ದಾರಿಯೇ ಇಲ್ಲ.

ಅದೇ ಸ್ಕ್ಯಾನ್‌ನಲ್ಲಿ ಇನ್ನೊಂದು ವಿಷಯ ಕೇಳಿ: ಪ್ರಾಸ್ಟೇಟ್ ಮೂತ್ರಕೋಶದ ಒಳಗೆ ಎಷ್ಟು ಚಾಚಿಕೊಂಡಿದೆ? 44 ಸಿಸಿ ಎಂಬ ಗಾತ್ರ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. 80 ಸಿಸಿ ಇದ್ದು ಆರಾಮವಾಗಿರುವವರಿದ್ದಾರೆ, 30 ಇದ್ದು ಪೂರ್ತಿ ಕಟ್ಟಿಕೊಂಡವರೂ ಇದ್ದಾರೆ. ಮಧ್ಯದ ಭಾಗ 10 ಮಿ.ಮೀ.ಗಿಂತ ಜಾಸ್ತಿ ಒಳಗೆ ಚಾಚಿದ್ದರೆ, ಹಿಂಡಿದಾಗೆಲ್ಲ ಅದೇ ಬಾಗಿಲಿಗೆ ಅಡ್ಡ ಬರುತ್ತದೆ. ಅಂಥವರಲ್ಲಿ ಮಾತ್ರೆಗೆ ಫಲ ಕಡಿಮೆ ಸಿಗುವುದು ಹೆಚ್ಚು.

ಮಾತ್ರೆ ವಿಷಯ ಡಾಕ್ಟರ್ ನೋಡಿಕೊಳ್ಳುತ್ತಾರೆ. ಟ್ಯಾಮ್ಸುಲೋಸಿನ್ ತರಹದ್ದು ದಾರಿಯ ಬಿಗಿ ಸಡಿಲಿಸುತ್ತದೆ, ಕೆಲವು ದಿನ-ವಾರಗಳಲ್ಲೇ ಗೊತ್ತಾಗುತ್ತದೆ. ಪ್ರಾಸ್ಟೇಟ್ ಕುಗ್ಗಿಸುವ ಮಾತ್ರೆಗೆ ಆರು ತಿಂಗಳಾದರೂ ಬೇಕು. ಕಣ್ಣಿನ ಪೊರೆ ಆಪರೇಷನ್ ಆಗುವುದಿದ್ದರೆ ಟ್ಯಾಮ್ಸುಲೋಸಿನ್ ಶುರುಮಾಡುವ ಮುಂಚೆಯೇ ಕಣ್ಣಿನ ಡಾಕ್ಟರ್‌ಗೆ ತಿಳಿಸಿ, ಅದು ಕಣ್ಣಿನ ಪಾಪೆಯ ಮೇಲೂ ಕೆಲಸ ಮಾಡುತ್ತದೆ. ಈಗ ಏನೇನು ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನೂ ಹೇಳಿ. ಮೂಗು ಕಟ್ಟಿದ್ದಕ್ಕೆ, ನೆಗಡಿಗೆ ಎಂದು ಕೇಳಿ ತಂದ ಮಾತ್ರೆ ನುಂಗಿದ ರಾತ್ರಿಯೇ ಮೂತ್ರ ಪೂರ್ತಿ ಕಟ್ಟಿಕೊಂಡು ಬರುವ ವಯಸ್ಸಾದವರು ಕಡಿಮೆಯೇನಲ್ಲ. ಹಾಗೆ ಒಂದು ಹನಿಯೂ ಬಾರದೆ ಕೆಳಹೊಟ್ಟೆ ಬಿಗಿದು ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ. ಸಣ್ಣ ಧಾರೆಯ ಜೊತೆ ಚಳಿಜ್ವರ ಬಂದರೂ ಅಷ್ಟೇ. ರಾತ್ರಿ ಗೊತ್ತಿಲ್ಲದೆ ಹಾಸಿಗೆ ಒದ್ದೆಯಾಗತೊಡಗಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ತುಂಬಿ ತುಳುಕುವ ಮೂತ್ರಕೋಶ ಹಾಗೆ ಮಾಡುತ್ತದೆ, ಆಗ ಕಿಡ್ನಿಗೂ ಪೆಟ್ಟು ಬೀಳುತ್ತಿರಬಹುದು.

ಕೊನೆಗೆ, ರಾತ್ರಿ ಮೂರು ಸಲ ಏಳುವ ಮಾತು. ಅದಕ್ಕೆ ಉಳಿಕೆಯೇ ಕಾರಣ ಎಂದು ಈಗಲೇ ಕಟ್ಟಿಹಾಕಬೇಡಿ. ತಂದ ಆ ಮಗ್ ಮನೆಯಲ್ಲೇ ಇರಲಿ. ಮೂರು ದಿನ, ಹಗಲು ರಾತ್ರಿ, ಎಷ್ಟು ಹೊತ್ತಿಗೆ ಎಷ್ಟು ಬಂತು ಎಂದು ಒಂದು ಹಾಳೆಯಲ್ಲಿ ಬರೆಯಲಿ. ರಾತ್ರಿ ಪ್ರತಿ ಸಲವೂ 80, 100 ಬರುತ್ತಿದ್ದರೆ ಮೂತ್ರಕೋಶದಲ್ಲಿ ಜಾಗ ಸಾಲುತ್ತಿಲ್ಲ, ಉಳಿಕೆಯ ಮೇಲೆ ಅನುಮಾನ ಬರುತ್ತದೆ. ಪ್ರತಿ ಸಲವೂ 300, 350 ಬರುತ್ತಿದ್ದರೆ ಮೂತ್ರಕೋಶ ತನ್ನ ಕೆಲಸ ಮಾಡುತ್ತಿದೆ, ರಾತ್ರಿ ಮೂತ್ರ ತಯಾರಾಗುತ್ತಿರುವುದೇ ಜಾಸ್ತಿ. ಸಂಜೆಯ ಮೇಲೆ ಕುಡಿಯುವ ನೀರು, ಕಾಲಿನ ಊತ, ಹೃದಯ, ಸಕ್ಕರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ, ಡಾಕ್ಟರ್ ಆಗ ಹುಡುಕುವುದು ಇವನ್ನು. ಆ ಹಾಳೆ, ಗೋಡೆ ಅಳೆದ ಚಿತ್ರ, ಎರಡನೆಯ ಸ್ಕ್ಯಾನ್‌ನ ಮೂರು ಅಂಕಿ, ಇಷ್ಟು ಹಿಡಿದುಕೊಂಡು ಮೂತ್ರರೋಗ ತಜ್ಞರ ಹತ್ತಿರ ಹೋಗಿ.